ನಾಲ್ಕು ಕೋಣೆ ಎಂದು ಬರೆದೆ, ಟೇಪು ಹಿಡಿದಾಗ ಎರಡಾಯಿತು

ಗದಗಿನಲ್ಲಿ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಉತಾರದಲ್ಲಿ ಹೆಸರು ಏರಿಸುವುದು, ವಾರಸಾ, ಬೆಳೆ ಪರಿಹಾರ, ಪಿಂಚಣಿ, ಹೀಗೆ ಹದಿನೈದು ವರ್ಷದಿಂದ ಜನರ ಅರ್ಜಿ ಬರೆದುಕೊಡುತ್ತಿದ್ದೇನೆ. ಹೋಂಸ್ಟೇ ನೋಂದಣಿಗೆ ಅರ್ಜಿ ಬೇಕೆಂದು ಮೊದಲ ಸಲ ಬಂದವರು ಲಕ್ಕುಂಡಿಯ ಒಬ್ಬ ಹಿರಿಯರು. ಗುಡಿ, ಬಾವಿ ನೋಡಲು ಬರುವವರು ಸಂಜೆಯಾದರೆ ಗದಗಿಗೋ ಹುಬ್ಬಳ್ಳಿಗೋ ಹೊರಟುಬಿಡುತ್ತಾರೆ, ತಮ್ಮ ಹಳೆಯ ಮಾಳಿಗೆ ಮನೆಯಲ್ಲಿ ಉಳಿಸಿಕೊಳ್ಳಬೇಕು ಎಂಬುದು ಅವರ ಆಸೆ.

ಅವರು ಹೇಳಿದ್ದನ್ನು ಕೇಳಿಕೊಂಡು ನಾನು ಅಂದೇ ಟೈಪ್ ಮಾಡಿದೆ. "ಎಲ್ಲ ಸೌಕರ್ಯಗಳುಳ್ಳ, ಗಾಳಿ ಬೆಳಕು ಸಮೃದ್ಧವಾಗಿರುವ 4 ಸುಸಜ್ಜಿತ ಕೊಠಡಿಗಳು, 24 ಗಂಟೆ ನೀರಿನ ಸೌಲಭ್ಯ, ಶೀಘ್ರದಲ್ಲಿಯೇ ಪ್ರತಿ ಕೊಠಡಿಗೂ ಪ್ರತ್ಯೇಕ ಸ್ನಾನಗೃಹ ಕಟ್ಟಿಸಲಾಗುವುದು." ಓದಿ ಹೇಳಿದಾಗ ಹಿರಿಯರ ಮುಖ ಅರಳಿತು. ನನಗೂ ಚಂದ ಬರೆದೆ ಅನ್ನಿಸಿತ್ತು. ಪರಿಶೀಲನೆಗೆ ಬಂದವರು ಆ ಕಾಗದವನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಮನೆಗೆ ಹೋಲಿಸಿ ನೋಡಿದರು. ಅದರಲ್ಲಿ ಒಂದು ಸಾಲೂ ಪೂರ್ತಿ ನಿಲ್ಲಲಿಲ್ಲ. ತಪ್ಪು ಅವರದಲ್ಲ, ನನ್ನದು. ಬರೆಯುವ ಮೊದಲು ಮನೆ ನೋಡಿರಲಿಲ್ಲ.

ಮುಂದಿನ ಭಾನುವಾರ ಟೇಪು ಹಿಡಿದುಕೊಂಡು ಲಕ್ಕುಂಡಿಗೆ ಹೋದೆ.

"ಕಾಕಾರ, ಈ ಕ್ವಾಣಿ ಯಾರ್ದ್ರೀ?"

"ಅದು ಅವ್ವನ್ದು, ತಮ್ಮಾ. ಮಂದಿ ಬಂದಾಗ ಆಕಿ ಪಡಸಾಲಿಯಾಗ ಮಲಗ್ತಾಳ."

ಅಲ್ಲಿಗೆ ನಾಲ್ಕು ಮೂರಾಯಿತು. ಅತಿಥಿ ಬಂದಾಗ ಮನೆಯವರು ಖಾಲಿ ಮಾಡಿಕೊಡುವ ಕೋಣೆಯನ್ನು ಅತಿಥಿಗಳ ಲೆಕ್ಕಕ್ಕೆ ಬರೆಯಬಾರದು. ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರುವುದೇ ಹೋಂಸ್ಟೇಗೂ ಲಾಡ್ಜಿಗೂ ಇರುವ ವ್ಯತ್ಯಾಸ. ಹಾಗಾಗಿ ಅರ್ಜಿಯಲ್ಲಿ ಮನೆಯವರು ಎಲ್ಲಿರುತ್ತಾರೆ, ಅತಿಥಿಗಳು ಎಲ್ಲಿರುತ್ತಾರೆ ಎಂಬುದು ಬೇರೆ ಬೇರೆಯಾಗಿ ಕಾಣಬೇಕು. ನಡುಮನೆಗೆ ಅಂಟಿದ ಇನ್ನೊಂದು ಕೋಣೆಗೆ ಕಿಟಕಿಯೇ ಇರಲಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ ಮಾತ್ರ. ಬೇಸಿಗೆಯಲ್ಲೂ ತಂಪಾಗಿರುತ್ತದೆ, ಆದರೆ ಅದನ್ನು "ಗಾಳಿ ಬೆಳಕು ಸಮೃದ್ಧ" ಅನ್ನಲು ಬಾಯಿ ಬರಲಿಲ್ಲ. ಅದನ್ನು ಮನೆಯವರ ಬಳಕೆಗೇ ಬಿಟ್ಟು, ಬೀದಿ ಕಡೆಯ ಎರಡು ಕೋಣೆಗಳಿಗೆ ಮಾತ್ರ ಅರ್ಜಿ ಹಾಕೋಣ ಎಂದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು.

ಆಮೇಲೆ ಒಂದೊಂದು ಕೋಣೆಗೂ ಬೇರೆ ಪ್ಯಾರಾ ಬರೆದೆ. ಮೊದಲನೆಯದು ಹೀಗಿತ್ತು:

"ಕೊಠಡಿ 1: ಪಡಸಾಲೆಯ ಬಲಬದಿಗಿದ್ದು, ಒಳ ಅಳತೆ 12 ಅಡಿ × 11 ಅಡಿ ಇರುತ್ತದೆ. ಬೀದಿಗೆ ತೆರೆಯುವ ಒಂದು ಕಿಟಕಿ, ಒಳಗಿನಿಂದ ಚಿಲಕವಿರುವ ಒಂದು ಬಾಗಿಲು ಇರುತ್ತವೆ. ಇಬ್ಬರಿಗೆ ಎರಡು ಮಂಚ, ಒಂದು ಫ್ಯಾನ್, ಬೀಗವಿರುವ ಒಂದು ಗೋಡೆ ಕಪಾಟು ಒದಗಿಸಲಾಗಿದೆ. ಕೊಠಡಿಗೆ ಹೊಂದಿಕೊಂಡ ಸ್ನಾನಗೃಹವಿರುವುದಿಲ್ಲ. ಸುಮಾರು 20 ಅಡಿ ದೂರದ ಹಿತ್ತಲಿನಲ್ಲಿರುವ ಸ್ನಾನಗೃಹ ಹಾಗೂ ಶೌಚಾಲಯವನ್ನು ಕೊಠಡಿ 2ರ ಅತಿಥಿಗಳೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ."

"ಇರುವುದಿಲ್ಲ" ಅಂತ ನಾವೇ ಯಾಕೆ ಬರೆದುಕೊಡಬೇಕು ಎಂದು ಹಿರಿಯರ ಮಗ ಕೇಳಿದ. ಕಚೇರಿಯ ಭಾಷೆ ಎಂದರೆ ದೊಡ್ಡ ದೊಡ್ಡ ವಿಶೇಷಣ ಎಂದು ನಾನೂ ಬಹಳ ದಿನ ತಿಳಿದಿದ್ದೆ. "ಸುಸಜ್ಜಿತ" ಎಂಬ ಪದವನ್ನು ಅಳೆಯಲು ಬರುವುದಿಲ್ಲ, 12 ಅಡಿಯನ್ನು ಅಳೆಯಬಹುದು. ಇಲ್ಲದ್ದನ್ನು ಇಲ್ಲ ಎಂದು ಬರೆದಲ್ಲಿ, ಇದೆ ಎಂದು ಬರೆದದ್ದನ್ನು ಓದುವವರು ನಂಬುತ್ತಾರೆ.

ಸ್ನಾನಗೃಹ ಕಟ್ಟಿಸುತ್ತೇವೆ ಎಂಬ ಸಾಲು ಇನ್ನೂ ದೊಡ್ಡ ಪೇಚು ತರುವುದಿತ್ತು. ಲಕ್ಕುಂಡಿಯಲ್ಲಿ ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿಸಿದ ಗುಡಿಗಳಿವೆ. 2010ರ ತಿದ್ದುಪಡಿಯಾದ ಕಾನೂನಿನ ಪ್ರಕಾರ ಅಂಥ ಸ್ಮಾರಕದ ಸಂರಕ್ಷಿತ ಎಲ್ಲೆಯಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಕಟ್ಟಬಹುದು, ಆದರೆ ಅನುಮತಿ ಪಡೆದು. ಈ ಮನೆ ಗುಡಿಯ ಆವರಣದಿಂದ ಒಂದು ಕೂಗಳತೆಯಲ್ಲಿದೆ. ಕಟ್ಟಲು ಸಾಧ್ಯವೇ ಇಲ್ಲದ ಬಚ್ಚಲನ್ನು ನಾನು ಸರ್ಕಾರಿ ಕಾಗದದ ಮೇಲೆ ಮಾತು ಕೊಟ್ಟು ಬರೆದಿದ್ದೆ, ಕೆಳಗೆ ಸಹಿ ಮಾತ್ರ ಆ ಹಿರಿಯರದು. ಅದು ಈಗಲೂ ನನಗೆ ಚುಚ್ಚುತ್ತದೆ. ಆ ಸಾಲು ತೆಗೆದೆ. ಅಂದಿನಿಂದ "ಕಟ್ಟಿಸಲಾಗುವುದು", "ಒದಗಿಸಲಾಗುವುದು" ಎಂಬ ಮುಂದಿನ ಕಾಲದ ಮಾತನ್ನು ಇಂಥ ಅರ್ಜಿಯಲ್ಲಿ ಬರೆಯುವುದನ್ನೇ ಬಿಟ್ಟಿದ್ದೇನೆ.

ನೀರಿನ ವಿಷಯಕ್ಕೆ ಲೆಕ್ಕ ಹಾಕಿದೆವು. ಅವರ ಓಣಿಗೆ ನಳದ ನೀರು ಮೂರು ದಿನಕ್ಕೊಮ್ಮೆ. ಮನೆಯಲ್ಲಿ ಐದು ಜನ, ಎರಡು ಕೋಣೆ ತುಂಬಿದರೆ ನಾಲ್ಕು ಅತಿಥಿಗಳು, ಒಟ್ಟು ಒಂಬತ್ತು. ನಗರಗಳ ನೀರು ಪೂರೈಕೆಗೆ ತಲೆಗೆ ದಿನಕ್ಕೆ 135 ಲೀಟರ್ ಹಿಡಿಯುತ್ತಾರೆ. ಅದೇ ಅಳತೆಯಲ್ಲಿ ದಿನಕ್ಕೆ 1,215, ಮೂರು ದಿನಕ್ಕೆ 3,645 ಲೀಟರ್ ಆಯಿತು. ಮೇಲಿನ ಸಿಂಟೆಕ್ಸ್ 1,000 ಲೀಟರಿನದು, ನೆಲದೊಳಗಿನ ತೊಟ್ಟಿ 3,000 ಲೀಟರಿನದು. ಸಾಲುತ್ತದೆ, ಆದರೆ ಹೆಚ್ಚೇನೂ ಉಳಿಯುವುದಿಲ್ಲ. "24 ಗಂಟೆ ನೀರು" ಎಂಬುದನ್ನು ಹೊಡೆದು, "ಒಟ್ಟು 4,000 ಲೀಟರ್ ಸಂಗ್ರಹ ಸಾಮರ್ಥ್ಯವಿರುತ್ತದೆ, ಬಿಸಿನೀರನ್ನು ಹಂಡೆಯಲ್ಲಿ ಕಾಯಿಸಿ ಕೊಡಲಾಗುತ್ತದೆ" ಎಂದು ಬರೆದೆ.

ಮಾಲೀಕರ ವಿವರದಲ್ಲಿ ಸಿಕ್ಕ ತೊಡಕು ನಮ್ಮ ಕಡೆ ಮನೆಮನೆಯ ಕಥೆ. ಆಧಾರದಲ್ಲಿ ಬಸವರಾಜ, ಪಂಚಾಯ್ತಿ ಉತಾರದಲ್ಲಿ ಬಸಪ್ಪ, ಕರೆಂಟ್ ಬಿಲ್ಲು ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿ. ಊರವರಿಗೆಲ್ಲ ಒಂದೇ ಮನೆ, ಒಬ್ಬನೇ ಮನುಷ್ಯ. ಕಾಗದದ ಮೇಲೆ ಮೂವರು. ಮೊದಲೆರಡು ಹೆಸರಿನ ವ್ಯಕ್ತಿ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿ ನೋಟರಿ ಹಾಕಿಸಿದೆವು. ಕರೆಂಟಿನ ಹೆಸರು ಬದಲಾಯಿಸಲು ಹೆಸ್ಕಾಂಗೆ ಬೇರೆ ಅರ್ಜಿ ಕೊಟ್ಟೆವು. ಅರ್ಜಿಯ ಒಳಗೆ ಉತಾರದಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಇಳಿಸಿ, "ಆಧಾರದಲ್ಲಿ ಬಸವರಾಜ ಎಂದಿದ್ದು, ಇಬ್ಬರೂ ಒಬ್ಬರೇ ಆಗಿರುತ್ತಾರೆ, ಪ್ರಮಾಣಪತ್ರ ಲಗತ್ತಿಸಿದೆ" ಎಂದು ಒಂದು ಸಾಲು ಸೇರಿಸಿದೆ. ಆಸ್ತಿ ನಂಬರನ್ನು ನಮೂನೆ 9ರಿಂದ ನೋಡಿ ಬರೆದು ಇನ್ನೊಬ್ಬರಿಂದ ಓದಿಸಿದೆ. ಹಳೆಯ ಕೈಬರಹದ ಉತಾರದಲ್ಲಿ ಬೇರೆಯೇ ನಂಬರಿತ್ತು.

ಸಹಿ ಮಾಡುವ ಮೊದಲು ಹಿರಿಯರು ಕನ್ನಡಕ ಹಾಕಿಕೊಂಡು ಎರಡು ಪುಟವನ್ನೂ ತಾವೇ ಓದಿದರು. "ಮೊದ್ಲಿಂದು ಚಂದ ಇತ್ತು ತಮ್ಮಾ. ಆದ್ರ ಇದು ನಮ್ಮ ಮನಿ ಆಗೇತಿ," ಎಂದರು. ಎರಡನೇ ಪರಿಶೀಲನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಹಿತ್ತಲಿನ ದಾರಿಗೆ ರಾತ್ರಿ ದೀಪ ಉಂಟೇ ಎಂದು. ಇರಲಿಲ್ಲ. ಮರುದಿನವೇ ಒಂದು ಬಲ್ಬು ಹಾಕಿಸಿದರು.

ಈಗ ಹೋಂಸ್ಟೇ ಅರ್ಜಿಗೆಂದು ಯಾರೇ ಬಂದರೂ ನಾನು ಕಂಪ್ಯೂಟರ್ ತೆರೆಯುವುದಿಲ್ಲ. ಒಂದು ಬಿಳಿ ಹಾಳೆಯ ಮೇಲೆ ಮನೆಯ ಪಡಸಾಲೆ, ನಡುಮನೆ, ಹಿತ್ತಲು ಗೀಚಿಸುತ್ತೇನೆ. ಅದರೊಳಗೆ ಮನೆಯವರು ಮಲಗುವ ಜಾಗಕ್ಕೆಲ್ಲ ಮೊದಲು ಗುರುತು ಹಾಕಿಸುತ್ತೇನೆ. ಉಳಿದದ್ದನ್ನು ಟೇಪಿನಿಂದ ಅಳೆದುಕೊಂಡು ನಾಳೆ ಬನ್ನಿ ಎಂದು ಕಳಿಸುತ್ತೇನೆ.