ವಾಷಿಂಗ್ ಮಷಿನ್ ಬೋರ್ಡಿಗೆ ಜಿರಳೆ ಸೇರುವುದು ಎಲ್ಲಿಂದ?

ವಾಷಿಂಗ್ ಮಷಿನ್ ರಿಪೇರಿ ನನ್ನ ವೃತ್ತಿ. ಗುಂಡಿ ಮುಟ್ಟದಿದ್ದರೂ ಪ್ರೋಗ್ರಾಂ ಬದಲಾಗುತ್ತದೆ, ಒಮ್ಮೆ ಶುರುವಾಗುತ್ತದೆ, ಇನ್ನೊಮ್ಮೆ ಇಲ್ಲ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಪ್ಯಾನಲ್ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಮೇಲಿನ ಹುಳಹುಪ್ಪಟೆಯನ್ನು.

ಬೆಂಗಳೂರಿನ ಒಂದು ಮನೆಯ ಟಾಪ್ ಲೋಡ್ ಮಷಿನ್‌ನಲ್ಲಿ ಹೀಗೇ ಆಗಿತ್ತು. ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾಗಲೆಂದು ಕೆಲವು ನಿಮಿಷ ಕಾದು ಪ್ಯಾನಲ್ ಎತ್ತಿದೆ. ಕನೆಕ್ಟರ್ ಸುತ್ತ ಕಾಳುಮೆಣಸಿನ ಪುಡಿಯಂಥ ಹಿಕ್ಕೆ, ಬರಿದಾದ ಕಂದು ಮೊಟ್ಟೆಚೀಲಗಳು. ರಿಲೇ ಪಕ್ಕದಲ್ಲಿ ಸುಟ್ಟು ಅಂಟಿಕೊಂಡ ಹಲ್ಲಿಮರಿ. ಅದರ ಮೈ 230 ವೋಲ್ಟಿನ ಎರಡು ಪಿನ್‌ಗಳ ನಡುವೆ ಸೇತುವೆಯಾಗಿತ್ತು. ಹಿಕ್ಕೆ ಮಾತ್ರ ಇದ್ದಿದ್ದರೆ ಒಣ ಬ್ರಷ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಬೋರ್ಡ್ ಉಳಿಸಬಹುದಿತ್ತು. ತಾಮ್ರದ ಗೆರೆಯೇ ಸುಟ್ಟುಹೋಗಿದ್ದರಿಂದ ಹೊಸದನ್ನೇ ಹಾಕಬೇಕಾಯಿತು.

"ವಾರಕ್ಕೊಮ್ಮೆ ಸ್ಪ್ರೇ ಹೊಡೆಯುತ್ತೇನಲ್ಲಪ್ಪಾ" ಎಂದರು ಮನೆಯ ಅಮ್ಮ. ಸ್ಪ್ರೇ ತಗುಲಿದ ಜಿರಳೆ ಇನ್ನೂ ಒಳಗಿನ ಸಂದಿಗೆ ಓಡುತ್ತದೆ. ಸ್ಪ್ರೇಯ ದ್ರಾವಣ ಉರಿಯುವಂಥದ್ದು, ಪ್ಯಾನಲ್ ಮೇಲೆ ಹೊಡೆಯಲೇಬಾರದು. ನುಸಿಗುಳಿಗೆಯೂ ಬೇಡ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ ಅನ್ನು ಮೆದುವಾಗಿಸುತ್ತದೆ.

ಜಿರಳೆಗಳು ಒಳಗೆ ಹೋಗುವುದು ಬೆಚ್ಚಗಿನ ಕತ್ತಲೆಗಾಗಿ. ಮಷಿನ್ ಆಫ್ ಮಾಡಿದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಬೋರ್ಡ್ ಸ್ವಲ್ಪ ಬಿಸಿಯಾಗಿಯೇ ಇರುತ್ತದೆ. ಆದ್ದರಿಂದ ಬಟ್ಟೆ ಒಗೆದ ಮೇಲೆ ಗೋಡೆಯ ಸ್ವಿಚ್ ಆರಿಸಿಬಿಡಿ. ಕರೆಂಟ್ ಇಲ್ಲದ ಬೋರ್ಡ್ ಮೇಲೆ ಹಲ್ಲಿ ನಡೆದರೂ ಶಾರ್ಟ್ ಆಗುವುದಿಲ್ಲ. ಇರುವೆಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ: ಶಾಕ್ ತಗುಲಿದ ಇರುವೆ ಬಿಡುವ ವಾಸನೆಗೆ ಉಳಿದವು ಮುತ್ತಿಕೊಳ್ಳುತ್ತವೆ, ರಿಲೇ ಸಂದಿಯಲ್ಲಿ ಹೆಣಗಳು ತುಂಬಿಕೊಳ್ಳುತ್ತವೆ.

ಆ ಮನೆಯಲ್ಲಿ ದಾರಿ ಎರಡಿದ್ದವು. ಕೆಳಗೆ ತಳವೇ ತೆರೆದಿತ್ತು. ಅಲ್ಲಿಂದ ವೈರ್ ಹಿಡಿದು ಹತ್ತಿದರೆ ಪ್ಯಾನಲ್‌ನ ತೂತು. ತಳಕ್ಕೆ ಸ್ಟೀಲ್ ಜಾಲರಿ ಕಟ್ಟಿದೆ. ಪೂರ್ತಿ ಮುಚ್ಚುವ ಹಲಗೆ ಹಾಕಿದರೆ ಮೋಟರ್‌ಗೆ ಗಾಳಿಯಾಡುವುದಿಲ್ಲ. ಜಾಲರಿ ಸಹ ಬೆಲ್ಟ್‌ಗೆ ತಾಗದಷ್ಟು ಕೆಳಗಿರಬೇಕು. ವೈರ್ ತೂತಿಗೆ ಸ್ಪಂಜಿನ ತುಂಡು ತುರುಕಿದೆ. ಎರಡನೆಯ ದಾರಿ ಡ್ರೈನ್ ಪೈಪ್ ನೆಲದ ಜಾಲಿಗೆ ಇಳಿಯುವ ಕಡೆ. ಅಲ್ಲಿ ರಬ್ಬರ್ ಬಿರಡೆ ಕೂರಿಸಿದೆ. ಮೋರಿಯ ದೊಡ್ಡ ಜಿರಳೆಗಳು ಬರುತ್ತಿದ್ದುದು ಅಲ್ಲಿಂದಲೇ.

ಆದರೆ ಸಣ್ಣ ಜಿರಳೆಯ ಮರಿಗೆ ಜಾಲರಿ ತಡೆಯಲ್ಲ. ಅದಕ್ಕೆ ಜಿರಳೆ ತಿಂದು ಸಾಯುವ ವಿಷದ ಜೆಲ್ ಬೇಕು: ಮಷಿನ್ ಹಿಂದಿನ ಗೋಡೆಯ ಮೂಲೆಗೆ, ಮಕ್ಕಳ ಕೈಗೆ ಸಿಗದಂತೆ, ಅಲ್ಲೊಂದು ಇಲ್ಲೊಂದು ಚಿಕ್ಕ ಬೊಟ್ಟು. ಬೋರ್ಡಿನ ಬಳಿ ಇಡಬಾರದು, ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆಯಬಾರದು. ಒಂದು ಮೊಟ್ಟೆಚೀಲದಿಂದ ಮೂವತ್ತಕ್ಕೂ ಹೆಚ್ಚು ಮರಿಗಳು ಬರಬಹುದು, ಹಾಗಾಗಿ ತಿಂಗಳೊಳಗೆ ಇನ್ನೊಮ್ಮೆ ಇಡಬೇಕು. ಮಷಿನ್ ಹಿಂದೆ ಒಂದು ಬಿಳಿ ಕಾಗದ ಹಾಸಿಡಿ. ಅದರ ಮೇಲೆ ಹೊಸ ಕಪ್ಪು ಪುಡಿ ಬಿದ್ದಿದ್ದರೆ ಜೆಲ್ ಬದಲಿಸುವ ಹೊತ್ತಾಗಿದೆ.