ಆ ಮೈನಸ್ ಎಲ್ಲಿ ಹೋಯ್ತು?

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅಕ್ಕನ ಮಗಳು ನೋಟ್‌ಬುಕ್ ಹಿಡಿದು ಬಂದಳು. "ಮಾಮ, ಎರಡೇ ಸಾಲಿನ ಪ್ರೂಫ್ ಇದು. ಆದ್ರೂ ಸೊನ್ನೆ ಕೊಟ್ಟಿದ್ದಾರೆ."

ಈವನ್ ಫಂಕ್ಷನ್ನಿನ ಡೆರಿವೇಟಿವ್ ಆಡ್ ಎಂದು ತೋರಿಸಬೇಕಿತ್ತು. ಈವನ್ ಅಂದರೆ f(-x) = f(x), ಆಡ್ ಅಂದರೆ f(-x) = -f(x). ಅವಳು f(-x) = f(x) ಎಂದು ಬರೆದು, ಎರಡೂ ಕಡೆ ಡಿಫರೆನ್ಷಿಯೇಟ್ ಮಾಡಿ f'(-x) = f'(x) ಅಂದಿದ್ದಳು. ಕೆಳಗೆ 'ಆದ್ದರಿಂದ f' ಆಡ್' ಎಂಬ ಸಾಲು. ಅವಳ ಲೆಕ್ಕದ ಪ್ರಕಾರ ಅದು ಈವನ್ ಆಗಿತ್ತು! ಪ್ರಶ್ನೆಯಲ್ಲಿ ಆಡ್ ಎಂದಿದೆ, ಹಾಗಾಗಿ ಇವಳೂ ಆಡ್ ಎಂದಿದ್ದಾಳೆ.

"ಚೈನ್ ರೂಲ್ ಮರೆತಿದ್ದೀಯ" ಎಂದೆ. ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅವಳು ಬಿಡಲಿಲ್ಲ. "ಎಡಗಡೆ ಬಲಗಡೆ ಇರೋದು ಒಂದೇ ಫಂಕ್ಷನ್ ಅಲ್ವಾ? ಹಾಗಾದ್ರೆ ಡೆರಿವೇಟಿವ್ ಕೂಡ ಒಂದೇ ಆಗಬೇಕಲ್ಲ? ಮಧ್ಯೆ ಮೈನಸ್ ಯಾಕೆ?"

ನಾನು ಸ್ವಲ್ಪ ತಡವರಿಸಿದೆ. ಉದಾಹರಣೆ ತೋರಿಸೋಣ ಎಂದು cos x ತೆಗೆದುಕೊಂಡು, ಸುಮ್ನೆ x = π ಹಾಕಿದೆ. ಡೆರಿವೇಟಿವ್ -sin x. π ನಲ್ಲೂ 0, -π ನಲ್ಲೂ 0. ಸೊನ್ನೆಗೆ ಮೈನಸ್ ಇದ್ದರೇನು, ಇಲ್ಲದಿದ್ದರೇನು? "ನೋಡಿ, ಎರಡೂ ಒಂದೇ ಬಂತು" ಎಂದು ಅವಳು ನಕ್ಕಳು. ಅದಕ್ಕಿಂತ ಕೆಟ್ಟ ಬಿಂದು ನನಗೆ ಸಿಗುತ್ತಿರಲಿಲ್ಲ.

ಎರಡನೇ ಸಲ f(x) = x⁴ - 3x² ಬರೆದೆ. f'(x) = 4x³ - 6x. ಆದ್ದರಿಂದ f'(2) = 20, f'(-2) = -20. ಆಗ ಅವಳ ಪ್ರಶ್ನೆಗೂ ಉತ್ತರ ಕಾಣಿಸಿತು. f(-x) ಅನ್ನು ಬಿಡಿಸಿ ಬರೆದರೆ ಮತ್ತೆ ಅದೇ x⁴ - 3x². ಅದನ್ನು ಡಿಫರೆನ್ಷಿಯೇಟ್ ಮಾಡಿ x = 2 ಹಾಕಿದರೆ 20. ಅವಳು ಹೇಳಿದಂತೆ ಎರಡೂ ಕಡೆಯ ಡೆರಿವೇಟಿವ್ ಒಂದೇ. ಆದರೆ ಎಡಗಡೆಯ ಆ ಡೆರಿವೇಟಿವ್‌ನ ಹೆಸರು f'(-x) ಅಲ್ಲ. f'(-x) ಅಂದರೆ ಮೊದಲು f' ಕಂಡುಹಿಡಿದು, ಆಮೇಲೆ ಅದರೊಳಗೆ -x ಹಾಕುವುದು. f(-x) ನಲ್ಲಿ ಮೊದಲು -x ಹಾಕಿ ಆಮೇಲೆ ಡಿಫರೆನ್ಷಿಯೇಟ್ ಮಾಡುತ್ತೇವೆ. ಕೆಲಸದ ಕ್ರಮ ಬದಲಾದರೆ -1 ಗುಣಕ ಬರುತ್ತದೆ, ಯಾಕೆಂದರೆ ಒಳಗಿನ -x ನ ಡೆರಿವೇಟಿವ್ -1. ಸರಿಯಾದ ಸಾಲು ಹೀಗೆ:

-f'(-x) = f'(x), ಅಂದರೆ f'(-x) = -f'(x).

ಅವಳಿಗೆ ಚೈನ್ ರೂಲ್ ಮೇಲೆ ಇನ್ನೂ ಅನುಮಾನ. ಸರಿ, ಲಿಮಿಟ್‌ನಿಂದಲೇ ಮಾಡಿದೆವು. -a ನಲ್ಲಿ ನೋಡಬೇಕಾದದ್ದು

[f(-a+h) - f(-a)] / h

f ಈವನ್ ಆದ್ದರಿಂದ ಇದು [f(a-h) - f(a)] / h. h = -k ಎಂದು ಇಟ್ಟರೆ -[f(a+k) - f(a)] / k. h ಸೊನ್ನೆಗೆ ಹೋದಾಗ k ಕೂಡ ಹೋಗುತ್ತದೆ, ಲಿಮಿಟ್ -f'(a). ನನಗೆ ಈ ದಾರಿಯೇ ಹೆಚ್ಚು ಇಷ್ಟ. a ನಲ್ಲಿ ಡೆರಿವೇಟಿವ್ ಇದ್ದರೆ -a ನಲ್ಲೂ ಇದೆ ಎನ್ನುವುದನ್ನೂ ಇದು ಹೇಳುತ್ತದೆ. ಚೈನ್ ರೂಲ್ ಬಳಸುವಾಗ ಅದನ್ನು ಮೊದಲೇ ಒಪ್ಪಿಕೊಂಡಿರುತ್ತೇವೆ.

"ಹಾಗಾದ್ರೆ ಸೊನ್ನೆಯಲ್ಲಿ?" ಎಂದಳು. x = 0 ಹಾಕಿದರೆ f'(0) = -f'(0), ಹಾಗಾಗಿ f'(0) = 0. ಆದರೆ ಅಲ್ಲಿ ಡೆರಿವೇಟಿವ್ ಇದ್ದರೆ ಮಾತ್ರ. |x| ಕೂಡ ಈವನ್. ಅದರ ಇಳಿಜಾರು ಬಲಗಡೆ 1, ಎಡಗಡೆ -1. ಸೊನ್ನೆಯಲ್ಲಿ ಮೂಲೆ ಇರುವುದರಿಂದ ಡೆರಿವೇಟಿವ್ ಇಲ್ಲ.

ಪೀರಿಯಾಡಿಕ್ ಫಂಕ್ಷನ್ನಿನ ಡೆರಿವೇಟಿವ್ ಕೂಡ ಪೀರಿಯಾಡಿಕ್ ಎಂದು ತೋರಿಸುವ ಪ್ರಶ್ನೆಯನ್ನು ಅವಳೇ ಮುಗಿಸಿದಳು. ಪೀರಿಯಾಡಿಕ್ ಅಂದರೆ ಒಂದು ನಿಗದಿತ T ಗೊಮ್ಮೆ ಮರಳಿ ಬರುವುದು: f(x+T) = f(x). ಈ ಸಲ ಒಳಗಿರುವುದು x+T, ಅದರ ಡೆರಿವೇಟಿವ್ 1. ಆದ್ದರಿಂದ f'(x+T) = f'(x). ಇಲ್ಲಿ ಚೈನ್ ರೂಲ್ ಮರೆತರೂ ಉತ್ತರ ಸರಿಯೇ ಬರುತ್ತದೆ. ಹಿಂದಿನ ತಪ್ಪು ಅವಳಿಗೆ ಅಭ್ಯಾಸವಾದದ್ದು ಇಂಥ ಲೆಕ್ಕಗಳಿಂದಲೇ ಇರಬೇಕು.

"ತಿರುಗಿಸಿ ಹೇಳಬಹುದಾ? ಡೆರಿವೇಟಿವ್ ಪೀರಿಯಾಡಿಕ್ ಆದ್ರೆ ಫಂಕ್ಷನ್ನೂ ಪೀರಿಯಾಡಿಕ್ಕಾ?" ಎಂದು ಕೇಳಿದಳು. "ಹೌದು" ಎನ್ನಲು ಬಾಯಿ ತೆರೆದಿದ್ದೆ, x + sin x ನೆನಪಾಯಿತು. ಡೆರಿವೇಟಿವ್ 1 + cos x, 2π ಗೊಮ್ಮೆ ಮರಳಿ ಬರುತ್ತದೆ. ಫಂಕ್ಷನ್ ಮಾತ್ರ 2π ಮುಂದೆ ಹೋದಾಗಲೆಲ್ಲ 2π ಮೇಲೇರುತ್ತದೆ, ಮರಳಿ ಕೆಳಗೆ ಬರುವುದೇ ಇಲ್ಲ. ಅವಳು ಗ್ರಾಫ್ ಬರೆದಳು. ಓರೆಯಾದ ಗೆರೆಯ ಸುತ್ತ ಹಾವಿನಂತೆ ಹೊರಳುವ ಗೆರೆ.

ಅದರ ಪಕ್ಕದಲ್ಲೇ, ಈವನ್‌ಗೂ ತಿರುಗಿಸಿ ನೋಡಿದಳು. ಎಲ್ಲಾ x ಗೂ f' ಆಡ್ ಎಂದು ಇಟ್ಟುಕೊಂಡು f(x) - f(-x) ಅನ್ನು ಡಿಫರೆನ್ಷಿಯೇಟ್ ಮಾಡಿದಳು. ಈ ಸಲ ಒಳಗಿನ ಮೈನಸ್ ಬಿಡಲಿಲ್ಲ: f'(x) + f'(-x), ಅಂದರೆ 0. ಹಾಗಾದರೆ ಅದು ಸ್ಥಿರ ಸಂಖ್ಯೆ, x = 0 ಹಾಕಿದರೆ ಸೊನ್ನೆ. f ಈವನ್. "ಇದು ತಿರುಗುತ್ತೆ, ಅದು ತಿರುಗಲ್ಲ" ಎಂದು ಅಂಚಿನಲ್ಲಿ ಬರೆದುಕೊಂಡು, ಸೊನ್ನೆ ಬಿದ್ದಿದ್ದ ಪ್ರೂಫ್‌ಗೆ ಪೆನ್ಸಿಲ್‌ನಲ್ಲಿ ಒಂದು ಮೈನಸ್ ಸೇರಿಸಿದಳು.