ಮಂಡಕ್ಕಿ ಪೊಟ್ಟಣದ ದಾರ

ನಮ್ಮ ಲೆಕ್ಕದ ಮೇಷ್ಟ್ರು ತೀರಿಕೊಂಡರೆಂದು ದಾವಣಗೆರೆಯ ಗೆಳೆಯ ಫೋನ್ ಮಾಡಿದ. ಫೋನ್ ಇಟ್ಟ ಮೇಲೆ ಅವರ ಮುಖಕ್ಕಿಂತ ಮೊದಲು ಕಣ್ಣಿಗೆ ಬಂದದ್ದು ಒಂದು ದಾರ.

ಎರಡನೇ ಪಿಯುಸಿ. ಬೋರ್ಡಿನ ಮರದ ಕೈವಾರವನ್ನು ನಾವೇ ಬಚ್ಚಿಟ್ಟಿದ್ದೆವು. ಅವತ್ತಿನ ಲೆಕ್ಕ √(9 − x²) ಇಂಟಿಗ್ರೇಷನ್, x ಸೊನ್ನೆಯಿಂದ 3ರವರೆಗೆ. ಬೋರ್ಡಿಗೆ ಹೋಗುವ ಧೈರ್ಯ ಕ್ಲಾಸಿನಲ್ಲಿ ಇದ್ದದ್ದು ನನಗೊಬ್ಬನಿಗೇ, ಇರಲಿ. x = 3 sin θ ಎಂದಿಟ್ಟೆ. ವರ್ಗಮೂಲ ಕಳಚಿ 3 cos θ ಉಳಿಯಿತು. dx ಇದ್ದಲ್ಲಿ ಬರೀ dθ ಬರೆದು, θ ಸೊನ್ನೆಯಿಂದ π/2ವರೆಗೆ ಹಾಕಿ, ಉತ್ತರ 3 ಎಂದೆ.

ಮೇಷ್ಟ್ರು ತಪ್ಪೆನ್ನಲಿಲ್ಲ. ಕೈವಾರ ಹುಡುಕಿದರು, ಸಿಗಲಿಲ್ಲ. "ಹಿಂದಿನ ಬೆಂಚಿನೋರು ಮಂಡಕ್ಕಿ ಪೊಟ್ಟಣ ಬಿಚ್ಚಿದ ದಾರ ಇತ್ತ ಕೊಡ್ರಪ್ಪಾ" ಎಂದರು. ದಾರದ ಒಂದು ತುದಿಗೆ ಸೀಮೆಸುಣ್ಣ ಕಟ್ಟಿ, ಇನ್ನೊಂದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕಾಲು ವೃತ್ತ ಎಳೆದರು. "ನೀನು ಹುಡುಕ್ತಿರೋದು ಈ ಕಾಲು ವೃತ್ತದ ವಿಸ್ತೀರ್ಣ ಕಣಪ್ಪಾ. ತ್ರಿಜ್ಯ ಮೂರು. ಒಳಗಿನ ತ್ರಿಕೋನವೇ ನಾಲ್ಕೂವರೆ, ಹೊರಗಿನ ಚೌಕ ಒಂಬತ್ತು. ನಿನ್ನ ಮೂರು ಎಲ್ಲಿ ಕೂರುತ್ತಪ್ಪಾ?"

ಆಮೇಲೆ dx ಅನ್ನು 3 cos θ dθ ಎಂದು ತಿದ್ದಿದರು. ಒಳಗೆ 9 cos² θ ಬಂತು. ವರ್ಗ ಇದ್ದ ಹಾಗೆ ಬಗೆಹರಿಯದು, ಕೋನ ದುಪ್ಪಟ್ಟು ಮಾಡಿ ವರ್ಗ ಇಳಿಸಬೇಕು: cos² θ = (1 + cos 2θ)/2. ಇಂಟಿಗ್ರೇಷನ್ ಮಾಡಿದರೆ (9/2)(θ + sin 2θ/2). ಎರಡೂ ತುದಿಯಲ್ಲಿ sin 2θ ಸೊನ್ನೆ. ಉಳಿದದ್ದು 9π/4, ಸುಮಾರು 7.07. ನಾಲ್ಕೂವರೆಗೂ ಒಂಬತ್ತಕ್ಕೂ ನಡುವೆ ಸರಿಯಾಗಿ ಕೂತಿತು.

ಅಲ್ಲಿಗೆ ಬಿಡಲಿಲ್ಲ. x ಅನ್ನು 3ಕ್ಕೆ ಮೊದಲೇ ನಿಲ್ಲಿಸಿದರೆ? sin 2θ ಎಂದರೆ 2 sin θ cos θ, θ ಎಂದರೆ sin⁻¹(x/3). ಮತ್ತೆ x ಗೆ ಮರಳಿದರೆ (9/2) sin⁻¹(x/3) + (x/2)√(9 − x²). ದಾರವನ್ನು ಮೇಲಿನಿಂದ ಬಲಕ್ಕೆ ಓರೆಯಾಗಿ ಎಳೆದು ಹಿಡಿದರು. ದಾರ ಸವರಿದ ಬೀಸಣಿಗೆಯಂಥ ತುಂಡು ಮೊದಲ ಪದ, ಅದರ ಕೆಳಗಿನ ತ್ರಿಕೋನ ಎರಡನೆಯದು! ಸೂತ್ರದಲ್ಲಿ ಎರಡು ಪದ ಯಾಕಿವೆ ಎಂದು ಆವತ್ತೇ ಗೊತ್ತಾದದ್ದು.

ನನ್ನ ತಂಗಿಯ ಮಗಳು ಸಿಇಟಿಗೆ ಓದುತ್ತಾಳೆ. ಇದೇ ಸೂತ್ರವನ್ನು ನಿದ್ದೆಯಲ್ಲೂ ಒಪ್ಪಿಸುತ್ತಾಳೆ. ಬೀಸಣಿಗೆ ಯಾವುದು ಅಂದರೆ "ಮಾಮಾ, ಅದು ಪೇಪರಿಗೆ ಬರಲ್ಲ" ಅಂದಳು. ಟೀವಿ ವೈರು ಹಿಡಿದು ತೋರಿಸಿದೆ, ನಕ್ಕಳು.

ಮರುದಿನ ಕೈವಾರವನ್ನು ಮೇಜಿನ ಮೇಲಿಟ್ಟಿದ್ದೆವು. ಯಾರು ಇಟ್ಟದ್ದೆಂದು ಮೇಷ್ಟ್ರು ಕೇಳಲಿಲ್ಲ. ಮಂಡಕ್ಕಿ ಇವತ್ತೂ ಉಂಟೇನ್ರಪ್ಪಾ ಎಂದು ಮಾತ್ರ ಕೇಳಿದರು.